ನಾಲ್ಕು ಮನೆಯ ಚೌಕದಲ್ಲಿ ಮೂರರ ಲೆಕ್ಕ

ಅಪ್ಪ, ಅಮ್ಮ ಇಬ್ಬರ ಮೈಬಣ್ಣವೂ ಸಾಮಾನ್ಯ. ಮಗನಿಗೆ ಹುಟ್ಟಿನಿಂದಲೇ ಆಲ್ಬಿನಿಸಂ. ಚರ್ಮ, ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಅವನ ದೇಹದಲ್ಲಿ ತಯಾರಾಗುವುದಿಲ್ಲ. ಅವನ ತಂಗಿಯ ಮೈಬಣ್ಣ ಅಪ್ಪ ಅಮ್ಮನ ಹಾಗೇ ಸಾಮಾನ್ಯ. ಆ ತಂಗಿ ಈ ಗುಣದ ವಾಹಕಿಯಾಗಿರುವ, ಅಂದರೆ ತನಗೆ ತೊಂದರೆಯಿಲ್ಲದೆ ಅದನ್ನು ಒಳಗೆ ಹೊತ್ತಿರುವ ಸಾಧ್ಯತೆ ಎಷ್ಟು?

ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮೊದಲು ಏಳುವ ಕೈ ಹೇಳುವ ಉತ್ತರ ಸಾಮಾನ್ಯವಾಗಿ ‘ಅರ್ಧ’. ಸರಿಯುತ್ತರ 2/3. ಪಠ್ಯಪುಸ್ತಕದ ಚೌಕಕ್ಕೆ ಇರುವುದು ನಾಲ್ಕು ಮನೆ. ನಾಲ್ಕರ ಚೌಕದಿಂದ ಮೂರರ ಛೇದ ಹೇಗೆ ಬಂತು ಎಂಬುದು ಅರ್ಥವಾದವರಿಗೆ ಅನುವಂಶೀಯತೆಯ ಲೆಕ್ಕಗಳಲ್ಲಿ ತೊಡಕು ಹುಟ್ಟುವ ಜಾಗ ಯಾವುದೆಂದು ಗೊತ್ತಾಗುತ್ತದೆ. ಅಲ್ಲಿಗೆ ತಲುಪಲು ಬಟಾಣಿಯಿಂದ ಶುರುಮಾಡುವುದೇ ಸುಲಭ.

ಇಂದಿನ ಚೆಕ್ ಗಣರಾಜ್ಯದಲ್ಲಿರುವ ಬರ್ನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿ ಬೆಳೆದು, ಎಣಿಸಿ, ಬರೆದಿಟ್ಟರು. ಗುಂಡು ಬೀಜದ ಶುದ್ಧ ತಳಿಯನ್ನು ಸುಕ್ಕು ಬೀಜದ ಶುದ್ಧ ತಳಿಯೊಡನೆ ಸಂಕರಣ ಮಾಡಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ಗುಂಡಾಗಿಯೇ ಬಂದವು. ಅವನ್ನು ಬಿತ್ತಿ, ಗಿಡಗಳು ತಮ್ಮಷ್ಟಕ್ಕೆ ಪರಾಗಸ್ಪರ್ಶ ಮಾಡಿಕೊಳ್ಳಲು ಬಿಟ್ಟಾಗ ಎರಡನೇ ಪೀಳಿಗೆಯಲ್ಲಿ ಸಿಕ್ಕಿದ್ದು 5474 ಗುಂಡು, 1850 ಸುಕ್ಕು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 2.96. ಪುಸ್ತಕದಲ್ಲಿ 3:1 ಎಂದು ಅಚ್ಚಾಗಿರುವುದು ಇದೇ.

ಒಂದೇ ಗುಣದ ಮೊದಲ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗುಂಡು ಪ್ರಬಲ ಗುಣ, ಅದಕ್ಕೆ R. ಸುಕ್ಕು ದುರ್ಬಲ ಗುಣ, ಅದಕ್ಕೆ r. ಗುಂಡಿಗೆ R, ಸುಕ್ಕಿಗೆ S ಎಂದು ಎರಡು ಬೇರೆ ಅಕ್ಷರ ಹಿಡಿದವರ ಲೆಕ್ಕ ಎರಡು ಗುಣದ ಪ್ರಶ್ನೆ ಬಂದ ಕೂಡಲೇ ಗೋಜಲಾಗುತ್ತದೆ. ಏಕೆಂದರೆ ಅಕ್ಷರ ನಿಲ್ಲುವುದು ವಂಶವಾಹಿಗೆ. ದೊಡ್ಡದು, ಚಿಕ್ಕದು ಎಂಬುದು ಆ ವಂಶವಾಹಿಯ ಎರಡು ರೂಪಗಳಿಗೆ. ಮೊದಲ ಪೀಳಿಗೆಯ ಗಿಡ Rr. ಅದರ ಲಿಂಗಾಣುಗಳಲ್ಲಿ ಅರ್ಧದಲ್ಲಿ R, ಅರ್ಧದಲ್ಲಿ r. ಗಂಡಿನ ಕಡೆಯಿಂದ ಎರಡು ಬಗೆ, ಹೆಣ್ಣಿನ ಕಡೆಯಿಂದ ಎರಡು ಬಗೆ ಸೇರಿ ಪನೆಟ್ ಚೌಕದ ನಾಲ್ಕು ಮನೆ ತುಂಬುತ್ತವೆ: RR, Rr, Rr, rr. ಮೊದಲ ಮೂರು ಗುಂಡು, ಕೊನೆಯದು ಸುಕ್ಕು.

ಲಿಂಗಾಣುಗಳ ಸಾಲನ್ನು ಬರೆಯದೆ ನೇರವಾಗಿ ಚೌಕಕ್ಕೆ ಹಾರುವ ಅಭ್ಯಾಸ ಹಲವರಿಗಿದೆ. ಒಂದು ಗುಣದ ಲೆಕ್ಕದಲ್ಲಿ ಅದರಿಂದ ನಷ್ಟವಿಲ್ಲ. ನಷ್ಟ ಮುಂದೆ ಕಾದಿರುತ್ತದೆ.

ಇನ್ನೊಂದು ಎಚ್ಚರವನ್ನು ಇಲ್ಲೇ ಹೇಳಬೇಕು. 3:1 ಎಂಬುದು ಸಾವಿರಾರು ಬೀಜಗಳ ಮಾತು. ಎತ್ತರ ಮತ್ತು ಗಿಡ್ಡ ಗಿಡಗಳ ಪ್ರಯೋಗದಲ್ಲಿ ಮೆಂಡೆಲ್‌ಗೆ ಸಿಕ್ಕಿದ್ದು 787 ಮತ್ತು 277, ಅಂದರೆ 2.84:1. ಸಂಖ್ಯೆ ಇಳಿದಷ್ಟೂ ಅನುಪಾತ ಅಲ್ಲಾಡುತ್ತದೆ. ವಾಹಕ ದಂಪತಿಗೆ ನಾಲ್ಕು ಮಕ್ಕಳಿದ್ದರೆ ಒಬ್ಬರಿಗೆ ಕಾಯಿಲೆ ಬಂದೇ ಬರುತ್ತದೆ ಎಂದು ಬರೆಯುವ ವಿದ್ಯಾರ್ಥಿ 3/4ನ್ನು ನಾಲ್ಕು ಬಾರಿ ಗುಣಿಸಿ ನೋಡಲಿ. 81/256 ಬರುತ್ತದೆ. ಅಂಥ ನೂರು ಮನೆಗಳಲ್ಲಿ ಸುಮಾರು 32ರಲ್ಲಿ ನಾಲ್ಕೂ ಮಕ್ಕಳು ಕಾಯಿಲೆಯಿಲ್ಲದೆ ಇರುತ್ತಾರೆ. ಪ್ರತಿ ಹೆರಿಗೆಯಲ್ಲೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ. ಹಿಂದಿನ ಮಗುವಿಗೆ ಏನಾಯಿತೆಂಬುದು ಮುಂದಿನದಕ್ಕೆ ಗೊತ್ತಿರುವುದಿಲ್ಲ.

ಈಗ ಆ ಮೂರರ ಛೇದಕ್ಕೆ ಬರಬಹುದು. ಮೆಂಡೆಲ್ ಎರಡನೇ ಪೀಳಿಗೆಯನ್ನು ಎಣಿಸಿ ಸುಮ್ಮನಾಗಲಿಲ್ಲ. ಆ ಪೀಳಿಗೆಯ ಗುಂಡು ಬೀಜಗಳನ್ನಷ್ಟೇ ಬಿತ್ತಿ 565 ಗಿಡ ಬೆಳೆಸಿದರು. 193 ಗಿಡಗಳು ಬರೀ ಗುಂಡು ಬೀಜ ಬಿಟ್ಟವು, ಅವು RR. ಉಳಿದ 372 ಗಿಡಗಳಲ್ಲಿ ಗುಂಡೂ ಸುಕ್ಕೂ ಎರಡೂ ಬಂದವು, ಅವು Rr. ಹೆಚ್ಚು ಕಡಿಮೆ 1:2. ನೋಡಲು ಒಂದೇ ತರ ಇರುವ ಗುಂಡು ಬೀಜಗಳಲ್ಲಿ ಮೂರರಲ್ಲಿ ಎರಡು ಪಾಲು ಸುಕ್ಕಿನ ಗುಣವನ್ನು ಒಳಗೆ ಬಚ್ಚಿಟ್ಟುಕೊಂಡಿದ್ದವು.

ಆಲ್ಬಿನಿಸಂ ಇರುವ ಹುಡುಗನ ತಂಗಿಯ ಲೆಕ್ಕವೂ ಇದೇ. ಸಾಮಾನ್ಯ ಮೈಬಣ್ಣದ ಅಪ್ಪ ಅಮ್ಮನಿಗೆ ಅಂಥ ಮಗ ಹುಟ್ಟಿದ್ದಾನೆ ಎಂದರೆ ಇಬ್ಬರೂ Aa ಎಂಬುದು ಖಚಿತ. ಅವರ ಚೌಕದಲ್ಲಿ AA, Aa, Aa, aa ಎಂಬ ನಾಲ್ಕು ಮನೆಗಳಿವೆ. ಆದರೆ ತಂಗಿಯನ್ನು ನಾವು ಕಣ್ಣಾರೆ ನೋಡಿದ್ದೇವೆ; ಅವಳ ಮೈಬಣ್ಣ ಸಾಮಾನ್ಯ. ಹಾಗಾಗಿ aa ಎಂಬ ಮನೆಗೆ ಗೀಟು ಎಳೆಯಬೇಕು. ಉಳಿದ ಮೂರರಲ್ಲಿ ಎರಡು Aa. ಅರ್ಧ ಎಂದವರು aa ಮನೆಗೆ ಗೀಟು ಎಳೆಯದೆ ನಾಲ್ಕರಲ್ಲಿ ಎರಡು ಎಂದುಕೊಂಡಿರುತ್ತಾರೆ. ಇನ್ನೂ ಹುಟ್ಟದ ಮಗುವಿನ ಬಗ್ಗೆ ಕೇಳಿದ್ದರೆ ಆ ಉತ್ತರವೇ ಸರಿ. ಕಣ್ಣೆದುರಿಗೆ ನಿಂತ ಹುಡುಗಿಯ ವಿಷಯದಲ್ಲಿ ತಪ್ಪು.

ಬಟಾಣಿಯ ಜನ್ಮ ಜಾಲಾಡಬೇಕಾದರೆ ಅದನ್ನು rr ಗಿಡದೊಡನೆ ಸೇರಿಸಿ ಪರೀಕ್ಷಾ ಸಂಕರಣ ಮಾಡಿದರಾಯಿತು. ಮನುಷ್ಯರಲ್ಲಿ ಆ ದಾರಿ ಇಲ್ಲ, ಆಗಿಹೋದ ಮದುವೆಗಳನ್ನೇ ಓದಿಕೊಳ್ಳಬೇಕು. ವಂಶಾವಳಿ ನಕ್ಷೆ ಇರುವುದು ಅದಕ್ಕೆ. ಚೌಕ ಗಂಡು, ವೃತ್ತ ಹೆಣ್ಣು. ಬಣ್ಣ ತುಂಬಿದ್ದರೆ ಆ ಗುಣ ಇರುವವರು. ನಡುವಿನ ಒಂಟಿ ಗೆರೆ ಮದುವೆ, ಜೋಡಿ ಗೆರೆ ರಕ್ತಸಂಬಂಧದ ಮದುವೆ. ಸಂಕರಣದ ಲೆಕ್ಕದಲ್ಲಿ ಅಪ್ಪ ಅಮ್ಮನಿಂದ ಮಕ್ಕಳಿಗೆ ಇಳಿಯುತ್ತೇವೆ. ವಂಶಾವಳಿಯಲ್ಲಿ ಮಕ್ಕಳನ್ನು ನೋಡಿ ಅಪ್ಪ ಅಮ್ಮನ ಕಡೆಗೆ ಹತ್ತುತ್ತೇವೆ.

ಹತ್ತುವಾಗ ಹುಡುಕಬೇಕಾದ ಮೊದಲ ಗುರುತು, ಬಣ್ಣ ತುಂಬದ ದಂಪತಿಗೆ ಹುಟ್ಟಿದ ಬಣ್ಣ ತುಂಬಿದ ಮಗು. ಅಂಥದ್ದೊಂದು ಸಿಕ್ಕಿದರೆ ಗುಣ ದುರ್ಬಲ. ಆ ಮಗು ಹೆಣ್ಣಾಗಿದ್ದರೆ ಇನ್ನೂ ಒಂದು ವಿಷಯ ಇತ್ಯರ್ಥವಾಗುತ್ತದೆ. ಗುಣ X ವರ್ಣತಂತುವಿನದ್ದಾಗಿದ್ದರೆ ಅಪ್ಪನ ಒಂದೇ X ಅವಳಿಗೆ ಬರಬೇಕಿತ್ತು, ಹಾಗಾದರೆ ಅಪ್ಪನಲ್ಲೂ ಗುಣ ಕಾಣಬೇಕಿತ್ತು. ಅಪ್ಪನಲ್ಲಿ ಕಾಣುತ್ತಿಲ್ಲವಾದ್ದರಿಂದ ಅದು X ವರ್ಣತಂತುವಿನದ್ದಲ್ಲ. ಒಂದು ಮನೆ, ಮೂವರು ಜನ, ಎರಡು ತೀರ್ಮಾನ. ನಕ್ಷೆಯಲ್ಲಿ ಗಂಡಸರೇ ಹೆಚ್ಚು ಕಾಣುತ್ತಾರೆ ಎಂಬ ಕಾರಣಕ್ಕೆ ‘ಲಿಂಗ ಸಂಬಂಧಿ’ ಎಂದು ಬರೆದುಬಿಡುವುದು ಊಹೆ. ಅದಕ್ಕೆ ಪರೀಕ್ಷಕರು ಅಂಕ ಕೊಟ್ಟರೂ ಅದು ಊಹೆಯೇ.

ನಿಜವಾದ ನಕ್ಷೆ ಬೇಕೆಂದರೆ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮನೆತನ ಇದೆ. ರಾಣಿಯ ಒಂಬತ್ತು ಮಕ್ಕಳಲ್ಲಿ ಎಂಟನೆಯವನಾದ ಲಿಯೊಪೋಲ್ಡ್‌ಗೆ ಹಿಮೋಫಿಲಿಯಾ ಇತ್ತು. ನಮ್ಮಲ್ಲಿ ಕುಸುಮ ರೋಗ ಎನ್ನುವ, ಗಾಯವಾದರೆ ರಕ್ತ ಹೆಪ್ಪುಗಟ್ಟದ ಕಾಯಿಲೆ. 1884ರಲ್ಲಿ ಜಾರಿ ಬಿದ್ದು ಆತ ತೀರಿಕೊಂಡ. ಹೆಣ್ಣುಮಕ್ಕಳಾದ ಆಲಿಸ್ ಮತ್ತು ಬಿಯಾಟ್ರಿಸ್‌ಗೆ ಕಾಯಿಲೆ ಇರಲಿಲ್ಲ, ಆದರೆ ಇಬ್ಬರಿಗೂ ಕಾಯಿಲೆಯ ಗಂಡುಮಕ್ಕಳು ಹುಟ್ಟಿದರು. ಆಲಿಸಳ ಮಗಳು ರಷ್ಯಾದ ಚಕ್ರವರ್ತಿ ನಿಕೊಲಾಸ್‌ನನ್ನು ಮದುವೆಯಾಗಿ, 1904ರಲ್ಲಿ ಹೆತ್ತ ಅಲೆಕ್ಸಿಗೂ ಇದೇ ಕಾಯಿಲೆ.

ಗುಣ ಪ್ರಬಲವಲ್ಲ, ಯಾಕೆಂದರೆ ಅಲೆಕ್ಸಿಯ ತಂದೆ ತಾಯಿ ಇಬ್ಬರಿಗೂ ಕಾಯಿಲೆ ಇಲ್ಲ. Y ವರ್ಣತಂತುವಿನದ್ದೂ ಅಲ್ಲ, ಹಾಗಿದ್ದರೆ ನಿಕೊಲಾಸ್‌ಗೂ ಇರಬೇಕಿತ್ತು. ಸಾಮಾನ್ಯ ವರ್ಣತಂತುವಿನ ದುರ್ಬಲ ಗುಣ ಎನ್ನೋಣವೆಂದರೆ ವಿಕ್ಟೋರಿಯಾಳ ಗಂಡ, ಆಲಿಸಳ ಗಂಡ, ಬಿಯಾಟ್ರಿಸಳ ಗಂಡ, ನಿಕೊಲಾಸ್, ಇವರೆಲ್ಲರೂ ಇಷ್ಟು ಅಪರೂಪದ ಗುಣದ ವಾಹಕರಾಗಿರಬೇಕು. ಅಷ್ಟೊಂದು ಕಾಕತಾಳೀಯವನ್ನು ನಂಬುವುದಕ್ಕಿಂತ X ವರ್ಣತಂತುವಿನ ದುರ್ಬಲ ಗುಣ ಎಂದುಕೊಂಡರೆ ಹೊರಗಿನವರು ಯಾರೂ ವಾಹಕರಾಗಬೇಕಿಲ್ಲ. ವಂಶಾವಳಿಯ ಉತ್ತರ ಹೀಗೆ ಒಂದೊಂದನ್ನೇ ಕೈಬಿಡುತ್ತಾ ಸಿಗುವಂಥದ್ದು. ರಷ್ಯಾದ ರಾಜಕುಟುಂಬದ ಮೂಳೆಗಳ ಡಿಎನ್‌ಎ ಪರೀಕ್ಷೆ 2009ರಲ್ಲಿ ಇದನ್ನು ದೃಢಪಡಿಸಿತು: X ವರ್ಣತಂತುವಿನಲ್ಲಿರುವ ಒಂಬತ್ತನೇ ಹೆಪ್ಪುಗಟ್ಟಿಸುವ ಅಂಶದ ವಂಶವಾಹಿಯಲ್ಲಿ ದೋಷವಿತ್ತು.

ಈ ನಕ್ಷೆಯ ಮೇಲೆ ಕೇಳಬಹುದಾದ ಪ್ರಶ್ನೆ ಲಿಯೊಪೋಲ್ಡನ ಮಕ್ಕಳದ್ದು. ಅವನು XʰY, ಹೆಂಡತಿ XᴴXᴴ. ಮಗನಿಗೆ ಕಾಯಿಲೆ ಬರುವ ಸಾಧ್ಯತೆ ಎಷ್ಟು? ‘ಅಪ್ಪನಿಗೆ ಇದೆ, ಆದ್ದರಿಂದ ಅರ್ಧ’ ಎನ್ನುವವರಿದ್ದಾರೆ. ಉತ್ತರ ಸೊನ್ನೆ. ಅಪ್ಪನಿಂದ ಮಗನಿಗೆ ಹೋಗುವುದು Y. ಕೆಟ್ಟ X ಇಡಿಯಾಗಿ ಮಗಳ ಪಾಲು. ನಡೆದದ್ದೂ ಹಾಗೆಯೇ. ಲಿಯೊಪೋಲ್ಡನ ಮಗ ಚಾರ್ಲ್ಸ್ ಎಡ್ವರ್ಡ್‌ಗೆ ಕಾಯಿಲೆ ಬರಲಿಲ್ಲ. ಮಗಳು ವಾಹಕಿಯಾದಳು, ಅವಳ ಮಗ ರೂಪರ್ಟ್‌ನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು.

ಅರಮನೆಯ ನಕ್ಷೆಯಲ್ಲಿ ಹೊರಗಿನಿಂದ ಬಂದ ಗಂಡ ಹೆಂಡಿರನ್ನು ‘ವಾಹಕರಲ್ಲ’ ಎಂದು ಹಿಡಿದೆವು. ಕಾಯಿಲೆ ಅಪರೂಪದ್ದು ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಹಾಗೆ ಹಿಡಿಯುವುದು ವಾಡಿಕೆ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಊರುಗಳಲ್ಲಿ ಈ ಊಹೆಯನ್ನು ಕಣ್ಣುಮುಚ್ಚಿ ಹಿಡಿಯುವ ಹಾಗಿಲ್ಲ. ಜೋಡಿ ಗೆರೆಯ ಕೆಲಸ ಇರುವುದೇ ಇಲ್ಲಿ.

ಮತ್ತೆ ಅದೇ ತಂಗಿ. ಅವಳನ್ನು ಅಮ್ಮನ ತಮ್ಮನಿಗೆ ಕೊಟ್ಟು ಮದುವೆ ಮಾಡಿದ್ದಾರೆ. ಮಾವನ ಮೈಬಣ್ಣ ಸಾಮಾನ್ಯ. ಮೊದಲ ಮಗುವಿಗೆ ಆಲ್ಬಿನಿಸಂ ಬರುವ ಸಾಧ್ಯತೆ ಎಷ್ಟು? ತಂಗಿ ವಾಹಕಿಯಾಗಿರುವುದು 2/3. ಮಾವನದ್ದು ಹುಡುಕಬೇಕು. ಅಮ್ಮ Aa ಎಂಬುದು ಮಗನಿಂದಾಗಿ ಖಚಿತವಾಗಿದೆ. ಅವಳಿಗೆ a ಬಂದದ್ದು ತನ್ನ ಅಪ್ಪನಿಂದಲೋ ಅಮ್ಮನಿಂದಲೋ. ಗುಣ ಅಪರೂಪದ್ದಾದ್ದರಿಂದ ಇಬ್ಬರಲ್ಲಿ ಒಬ್ಬರಷ್ಟೇ Aa, ಇನ್ನೊಬ್ಬರು AA ಎಂದಿಟ್ಟುಕೊಳ್ಳಬಹುದು. ಆ ಒಬ್ಬರಿಂದ ಮಾವನಿಗೂ a ಬಂದಿರುವ ಸಾಧ್ಯತೆ 1/2. ಇಲ್ಲಿ 2/3 ಅಲ್ಲ, ಏಕೆಂದರೆ AA ಮತ್ತು Aa ಸೇರಿದರೆ aa ಹುಟ್ಟುವುದೇ ಇಲ್ಲ. ಗೀಟು ಎಳೆಯಲು ಮನೆಯೇ ಇಲ್ಲ. ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ಬರುವುದು 1/4. ಮೂರನ್ನೂ ಗುಣಿಸಿದರೆ 2/3 × 1/2 × 1/4 = 1/12.

ಸಂಬಂಧವಿಲ್ಲದ ಮನೆಗೆ ಕೊಟ್ಟಿದ್ದರೆ ಪರೀಕ್ಷೆಯ ಲೆಕ್ಕದಲ್ಲಿ ಉತ್ತರ ಸೊನ್ನೆ, ನಿಜಜೀವನದಲ್ಲಿ ಸೊನ್ನೆಗೆ ತೀರ ಹತ್ತಿರ. ಹನ್ನೆರಡರಲ್ಲಿ ಒಂದು ಎಂಬುದು ಆ ಜೋಡಿ ಗೆರೆಯ ಬೆಲೆ.

ಎರಡು ಗುಣಗಳ ಲೆಕ್ಕ ಶುರುವಾಗಬೇಕಾದದ್ದು ಈಗ. ಹಲವು ತರಗತಿಗಳಲ್ಲಿ ಅದನ್ನು ಹದಿನಾರು ಮನೆಯ ಚೌಕದಿಂದ ಶುರುಮಾಡುತ್ತಾರೆ. ಅದು ಬೇಡದ ಶ್ರಮ. ಮೆಂಡೆಲ್ ಗುಂಡು ಹಳದಿ ಬೀಜದ ತಳಿಯನ್ನು ಸುಕ್ಕು ಹಸಿರು ಬೀಜದ ತಳಿಯೊಡನೆ ಸೇರಿಸಿ ಎರಡನೇ ಪೀಳಿಗೆಯಲ್ಲಿ ಪಡೆದದ್ದು 556 ಬೀಜ: ಗುಂಡು ಹಳದಿ 315, ಗುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. ಬಣ್ಣ ಮರೆತು ಆಕಾರವನ್ನಷ್ಟೇ ಎಣಿಸಿದರೆ 423 ಗುಂಡು, 133 ಸುಕ್ಕು. ಆಕಾರ ಮರೆತು ಬಣ್ಣವನ್ನಷ್ಟೇ ಎಣಿಸಿದರೆ 416 ಹಳದಿ, 140 ಹಸಿರು. ಎರಡೂ 3:1ರ ಆಸುಪಾಸು. ಒಂದು ಗುಣದ ಎರಡು ಲೆಕ್ಕಗಳು ಒಂದೇ ಬೀಜದಲ್ಲಿ ಪರಸ್ಪರ ತಲೆಹಾಕದೆ ನಡೆದಿವೆ. ಗುಂಡು 3/4, ಹಳದಿ 3/4, ಎರಡೂ ಸೇರಿ 9/16. 9:3:3:1 ಎಂಬುದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ಅದು 3:1ನ್ನು 3:1ರಿಂದ ಗುಣಿಸಿದಾಗ ತಾನಾಗಿ ಬರುತ್ತದೆ.

ಚೌಕವನ್ನೇ ಬಯಸುವವರು ಎಡವುವುದು ಲಿಂಗಾಣುಗಳ ಸಾಲಿನಲ್ಲಿ. RrYy ಗಿಡದ ಲಿಂಗಾಣುಗಳು Rr ಮತ್ತು Yy ಎಂದು ಬರೆದ ಉತ್ತರಪತ್ರಿಕೆಗಳು ಕಡಿಮೆಯಿಲ್ಲ. ಒಂದು ಲಿಂಗಾಣುವಿನಲ್ಲಿ ಪ್ರತಿ ವಂಶವಾಹಿಯ ಒಂದೊಂದೇ ಪ್ರತಿ ಇರಬೇಕು, ಎರಡೂ ವಂಶವಾಹಿಗಳು ಇರಬೇಕು. ಅಂದರೆ RY, Ry, rY, ry. ಒಂದೇ ಅಕ್ಷರ ದೊಡ್ಡದೂ ಚಿಕ್ಕದೂ ಆಗಿ ಜೊತೆಗೆ ಕುಳಿತಿದ್ದರೆ ಲೆಕ್ಕ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಹಿಮ್ಮುಖ ಪ್ರಶ್ನೆಗೂ ಬಿಡಿಬಿಡಿಯಾಗಿ ನೋಡುವ ಕ್ರಮವೇ ಸಾಕು. ಗುಂಡು ಹಳದಿ ಗಿಡವನ್ನು ಸುಕ್ಕು ಹಸಿರು ಗಿಡದೊಡನೆ ಸೇರಿಸಿದಾಗ ಬೀಜಗಳೆಲ್ಲ ಗುಂಡು, ಆದರೆ ಅರ್ಧ ಹಳದಿ, ಅರ್ಧ ಹಸಿರು ಬಂದಿವೆ ಎನ್ನೋಣ. ಆಕಾರದಲ್ಲಿ ಸುಕ್ಕು ಒಂದೂ ಇಲ್ಲವಾದ್ದರಿಂದ ಮೊದಲ ಗಿಡ RR. ಬಣ್ಣ ಅರ್ಧಕ್ಕರ್ಧ ಒಡೆದಿದೆಯಾದ್ದರಿಂದ Yy. ಸೇರಿಸಿದರೆ RRYy. ಹದಿನಾರು ಮನೆ ತುಂಬುವಷ್ಟು ಹೊತ್ತೂ ಬೇಕಾಗಲಿಲ್ಲ.

ಇನ್ನು ಆ ತಂಗಿಯ ಮನೆಗೇ ಎರಡನೇ ಗುಣ ಸೇರಿಸಬಹುದು. ಅವಳ ಅಪ್ಪನಿಗೆ ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದ ವರ್ಣಾಂಧತೆ ಇದೆ ಎಂದಿಟ್ಟುಕೊಳ್ಳಿ; ಅದು X ವರ್ಣತಂತುವಿನ ದುರ್ಬಲ ಗುಣ. ಅವಳ ಮತ್ತು ಮಾವನ ಕಣ್ಣು ಸರಿಯಾಗಿದೆ. ಅವರ ಮೊದಲ ಮಗುವಿಗೆ ಆಲ್ಬಿನಿಸಂ, ವರ್ಣಾಂಧತೆ ಎರಡೂ ಬರುವ ಸಾಧ್ಯತೆ ಎಷ್ಟು?

ಆಲ್ಬಿನಿಸಂನದ್ದು ಆಗಲೇ ಸಿಕ್ಕಿದೆ, 1/12. ವರ್ಣಾಂಧತೆಯಲ್ಲಿ ಅಪ್ಪನ X ಅವಳಿಗೆ ಬಂದೇ ಇದೆಯಾದ್ದರಿಂದ ಅವಳು ವಾಹಕಿಯೆಂಬುದು ಖಚಿತ. ಇಲ್ಲಿ 2/3ರ ಮಾತಿಲ್ಲ. ಮಾವನಿಂದ ಹೋಗುವ X ಸರಿಯಿರುವುದರಿಂದ ಹೆಣ್ಣುಮಗುವಿಗೆ ವರ್ಣಾಂಧತೆ ಬರದು. ಮಗು ಗಂಡಾಗಬೇಕು, 1/2. ಅಮ್ಮನ ಕೆಟ್ಟ X ಅವನಿಗೆ ಸಿಗಬೇಕು, 1/2. ಒಟ್ಟು 1/4. ಎರಡೂ ಗುಣ ಸೇರಿ 1/12 × 1/4 = 1/48. ಪ್ರಶ್ನೆಯಲ್ಲಿ ‘ಮಗು’ ಎಂಬಲ್ಲಿ ‘ಮಗ’ ಎಂದಿದ್ದರೆ ಗಂಡಾಗುವ ಅರ್ಧವನ್ನು ಮತ್ತೆ ಗುಣಿಸಬಾರದು, ಉತ್ತರ 1/24. ಅಂಕ ಕಳೆದುಕೊಳ್ಳುವ ಜಾಗ ಇದು.

ಇದೇ ದಂಪತಿಗೆ ಮೊದಲ ಮಗು ಆಲ್ಬಿನಿಸಂ ಇಟ್ಟುಕೊಂಡೇ ಹುಟ್ಟಿತು ಎಂದುಕೊಳ್ಳಿ. ಎರಡನೇ ಮಗುವಿಗೆ ಎರಡೂ ಗುಣ ಬರುವ ಸಾಧ್ಯತೆ ಈಗಲೂ 1/48 ಅಲ್ಲ. ಮೊದಲ ಮಗು ಹುಟ್ಟಿದ ಕ್ಷಣವೇ ಇಬ್ಬರೂ Aa ಎಂಬುದು ಖಚಿತವಾಯಿತು. 2/3, 1/2 ಎಂಬ ಅನುಮಾನದ ಭಿನ್ನರಾಶಿಗಳು ಎರಡೂ 1 ಆದವು. ಉಳಿದದ್ದು 1/4 × 1/4 = 1/16. ಪ್ರತಿ ಹೆರಿಗೆಗೂ ಲೆಕ್ಕ ಹೊಸದು ಎಂದು ಹಿಂದೆ ಹೇಳಿದ್ದಕ್ಕೂ ಇದಕ್ಕೂ ಜಗಳವಿಲ್ಲ. ಬದಲಾದದ್ದು ಅಪ್ಪ ಅಮ್ಮನ ಬಗ್ಗೆ ನಮಗಿರುವ ತಿಳಿವಳಿಕೆ.

ಗುಣಿಸುವ ಈ ದಾರಿಗೆ ಒಂದು ಮಿತಿ ಇದೆ. ಎರಡು ವಂಶವಾಹಿಗಳು ಒಂದರ ಗೊಡವೆಗೆ ಒಂದು ಹೋಗದೆ ಸಾಗಿದಾಗ ಮಾತ್ರ ಅದು ನಡೆಯುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬೇಟ್ಸನ್ ಮತ್ತು ಪನೆಟ್, ಚೌಕಕ್ಕೆ ಹೆಸರು ಕೊಟ್ಟ ಅದೇ ಪನೆಟ್, ಹೂವಿಗಾಗಿ ಬೆಳೆಸುವ ಸ್ವೀಟ್ ಪೀ ಗಿಡದಲ್ಲಿ ಇದನ್ನು ಕಂಡರು. ನೇರಳೆ ಹೂ ಮತ್ತು ಉದ್ದ ಪರಾಗ ಪ್ರಬಲ, ಕೆಂಪು ಹೂ ಮತ್ತು ದುಂಡು ಪರಾಗ ದುರ್ಬಲ. ಎರಡನೇ ಪೀಳಿಗೆಯ 6952 ಗಿಡಗಳಲ್ಲಿ ನೇರಳೆ ಉದ್ದ 4831, ನೇರಳೆ ದುಂಡು 390, ಕೆಂಪು ಉದ್ದ 393, ಕೆಂಪು ದುಂಡು 1338. ಬಿಡಿಬಿಡಿಯಾಗಿ ಎಣಿಸಿದರೆ ನೇರಳೆ 5221, ಕೆಂಪು 1731; ಉದ್ದ 5224, ದುಂಡು 1728. ಎರಡೂ ಅಚ್ಚುಕಟ್ಟಾದ 3:1. ಆದರೆ 9:3:3:1ರ ಪ್ರಕಾರ ಕೆಂಪು ದುಂಡು ಸುಮಾರು 435 ಇರಬೇಕಿತ್ತು, ಅದರ ಮೂರು ಪಟ್ಟು ಬಂದಿದೆ. ನೇರಳೆ ದುಂಡು 1304ರ ಹತ್ತಿರ ಇರಬೇಕಿತ್ತು, 390ಕ್ಕೆ ನಿಂತಿದೆ. ಅಜ್ಜ ಅಜ್ಜಿಯರಲ್ಲಿ ಜೊತೆಗಿದ್ದ ಗುಣಗಳು ಮೊಮ್ಮಕ್ಕಳಲ್ಲೂ ಜೊತೆಯಾಗಿಯೇ ಹೆಚ್ಚು ಬಂದಿವೆ. ಎರಡೂ ವಂಶವಾಹಿಗಳು ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕುಳಿತಿವೆ ಎಂಬ ಕಾರಣ ಸ್ಪಷ್ಟವಾದದ್ದು ಆಮೇಲೆ, ಅಮೆರಿಕದಲ್ಲಿ ಥಾಮಸ್ ಹಂಟ್ ಮಾರ್ಗನ್ ಹಣ್ಣುನೊಣಗಳ ಮೇಲೆ ಕೆಲಸ ಮಾಡಿದಾಗ.

ಹಾಗಾಗಿ ಅಂಕಿಗಳನ್ನು ಕೊಟ್ಟ ಎರಡು ಗುಣದ ಪ್ರಶ್ನೆ ಎದುರಾದಾಗ ಒಂದೊಂದು ಗುಣವನ್ನೂ ಬಿಡಿಯಾಗಿ ಕೂಡಿಸಿ ನೋಡಬೇಕು. ಬಿಡಿ ಅನುಪಾತ ಸರಿಯಿದ್ದು ಜಂಟಿ ಅನುಪಾತ ಇಷ್ಟು ದೂರ ಹೋಗಿದ್ದರೆ ಅದು ಸಂಲಗ್ನತೆ. ಬಿಡಿ ಅನುಪಾತವೇ ಕೆಟ್ಟಿದ್ದರೆ ತೊಂದರೆ ಬೇರೆ ಕಡೆ ಇದೆ. ಆಲ್ಬಿನಿಸಂ, ವರ್ಣಾಂಧತೆಯ ಲೆಕ್ಕದಲ್ಲಿ ನಿರ್ಭಯವಾಗಿ ಗುಣಿಸಿದ್ದು ಏಕೆಂದರೆ ಒಂದರ ವಂಶವಾಹಿ ಸಾಮಾನ್ಯ ವರ್ಣತಂತುವಿನಲ್ಲಿ, ಇನ್ನೊಂದರದ್ದು X ವರ್ಣತಂತುವಿನಲ್ಲಿದೆ.

ಓದುಗರು ಕಾಗದ ತೆಗೆದುಕೊಂಡು ಮಾಡಿ ನೋಡಲು ಎರಡು ಲೆಕ್ಕ ಇಲ್ಲಿವೆ. ಒಂದು: RrYy ಗಿಡವನ್ನು Rryy ಗಿಡದೊಡನೆ ಸೇರಿಸಿದರೆ ಸುಕ್ಕು ಹಸಿರು ಬೀಜ ಎಷ್ಟು ಪಾಲು? ಎರಡು: ಗಂಡ ಹೆಂಡತಿ ಇಬ್ಬರ ಮೈಬಣ್ಣವೂ ಸಾಮಾನ್ಯ, ರಕ್ತಸಂಬಂಧವಿಲ್ಲ, ಎರಡೂ ಕಡೆಯ ಅಪ್ಪ ಅಮ್ಮಂದಿರ ಮೈಬಣ್ಣವೂ ಸಾಮಾನ್ಯ, ಆದರೆ ಇಬ್ಬರಿಗೂ ಆಲ್ಬಿನಿಸಂ ಇರುವ ಒಬ್ಬೊಬ್ಬ ಅಣ್ಣ ಇದ್ದಾನೆ. ಎರಡೂ ಮನೆಗಳಲ್ಲಿ ಕೆಟ್ಟಿರುವುದು ಒಂದೇ ವಂಶವಾಹಿ. ಮೊದಲ ಮಗುವಿಗೆ ಆಲ್ಬಿನಿಸಂ ಬರುವ ಸಾಧ್ಯತೆ ಎಷ್ಟು? ಮೊದಲನೆಯದರ ಉತ್ತರ 1/8, ಎರಡನೆಯದರದ್ದು 1/9. ಎರಡನೆಯದಕ್ಕೆ 1/16 ಬಂದಿದ್ದರೆ aa ಮನೆಗೆ ಗೀಟು ಎಳೆಯುವುದು ಬಿಟ್ಟುಹೋಗಿದೆ.